ಕೈಲೆಕ್ಕದ ಮೂಲಗಳು ಒಂದು, ಮ್ಯಾಟ್ರಿಕ್ಸ್ ಕೊಡುವ ಐಗೆನ್ ಮೌಲ್ಯಗಳು ಇನ್ನೊಂದು: R-L-C ಸರ್ಕ್ಯೂಟ್ ಪ್ರಶ್ನೆಗೆ ಉತ್ತರ

ಪ್ರಶ್ನೆ: "ಸೀರೀಸ್‌ನಲ್ಲಿ ಒಟ್ಟು 250 ಓಮ್, 10 ಮಿಲಿಹೆನ್ರಿ ಕಾಯಿಲ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್. ಸಮಯ ಮಿಲಿಸೆಕೆಂಡ್‌ನಲ್ಲಿ ಇಟ್ಟುಕೊಂಡ್ರೆ v'' + 25v' + 100v = 0 ಬಂತು, ಮೂಲಗಳು −5, −20. ಅದನ್ನೇ ಎರಡು ಸಾಲಿನ ಮ್ಯಾಟ್ರಿಕ್ಸ್ ಮಾಡಿ ಪೈಥಾನ್‌ಗೆ ಕೊಟ್ರೆ 28.5, −3.5 ಅಂತಿದೆ. ಎಲ್ಲಿ ತಪ್ಪಿದೆ? v' ಬದಲು ಕರೆಂಟ್ ಇಟ್ಟುಕೊಂಡ್ರೆ ಉತ್ತರ ಬದಲಾಗುತ್ತಾ?"

ಉತ್ತರ:

ಕೈಲೆಕ್ಕ ಸರಿ ಇದೆ ಸರ್. ತಪ್ಪಿರೋದು ಮ್ಯಾಟ್ರಿಕ್ಸಿನ ಕೆಳಸಾಲಲ್ಲಿ. ನಿಮ್ಮ ಮ್ಯಾಟ್ರಿಕ್ಸ್ ನೋಡದೆಯೇ ಇದನ್ನ ಹೇಳಬಹುದು. 28.5 ಮತ್ತು −3.5 ಕೂಡಿಸಿದರೆ 25, ಗುಣಿಸಿದರೆ ಹೆಚ್ಚುಕಡಿಮೆ −100. ಅಂದರೆ ಪೈಥಾನ್ ಬಿಡಿಸಿದ್ದು λ² − 25λ − 100 = 0. ಕೆಳಸಾಲಲ್ಲಿ 100, 25 ಎರಡನ್ನೂ ಪ್ಲಸ್ಸಲ್ಲೇ ಬರೆದಾಗ ಬರೋದು ಇದೇ.

ಸಮೀಕರಣದಲ್ಲಿ ಎಲ್ಲ ಪದಗಳೂ ಎಡಗಡೆ ಇರುತ್ತವೆ. ಮ್ಯಾಟ್ರಿಕ್ಸ್ ಬರೆಯುವಾಗ ಮಾತ್ರ v'' ಒಂದನ್ನೇ ಎಡಗಡೆ ಉಳಿಸಿ, ಮಿಕ್ಕಿದ್ದನ್ನ ಬಲಕ್ಕೆ ದಾಟಿಸಬೇಕು. x = v, y = v' ಅಂತ ಹೆಸರಿಟ್ಟರೆ ಮೊದಲ ಸಾಲು x' = y. ಇದರಲ್ಲಿ ಸರ್ಕ್ಯೂಟಿನ ಸುದ್ದಿ ಏನೂ ಇಲ್ಲ, ನಾವು ಇಟ್ಟ ಹೆಸರನ್ನೇ ತಿರುಗಿ ಬರೆದದ್ದು. ಎರಡನೇ ಸಾಲು y' = −100x − 25y. ಸರ್ಕ್ಯೂಟ್ ಪೂರ್ತಿ ಇರೋದು ಈ ಸಾಲಲ್ಲಿ, ಮೈನಸ್ ಬೇಕಾಗಿರೋದೂ ಇಲ್ಲೇ.

```python
import numpy as np
A = np.array([[0, 1], [-100, -25]])
print(np.linalg.eigvals(A))
print(np.roots([1, 25, 100]))
```

ಈಗ ಎರಡೂ ಸಾಲಲ್ಲಿ −5, −20 ಬರುತ್ತೆ. ಒಂದರಲ್ಲಿ −5 ಮೊದಲು, ಇನ್ನೊಂದರಲ್ಲಿ −20 ಮೊದಲು ಬಂದರೆ ಗಾಬರಿಯಾಗಬೇಡಿ, ಕ್ರಮಕ್ಕೆ ಯಾವ ಅರ್ಥವೂ ಇಲ್ಲ. ಎರಡೂ ಒಂದೇ ಆಗೋದು ಕಾಕತಾಳೀಯ ಅಲ್ಲ. A − λI ಡಿಟರ್ಮಿನೆಂಟ್ ಬಿಡಿಸಿ ನೋಡಿ: (−λ)(−25 − λ) + 100, ಅಂದರೆ λ² + 25λ + 100. ನೀವು ಕೈಯಲ್ಲಿ ಬಿಡಿಸಿದ್ದ ಸಮೀಕರಣವೇ ಅಕ್ಷರಶಃ ಎದ್ದು ಬಂತು. ಅಷ್ಟೇ ಅಲ್ಲ, np.roots ಒಳಗೊಳಗೇ ಮಾಡೋದೂ ಇದನ್ನೇ. ಕೊಟ್ಟ ಅಂಕಿಗಳಿಂದ ಒಂದು ಮ್ಯಾಟ್ರಿಕ್ಸ್ ಕಟ್ಟಿ ಅದರ ಐಗೆನ್ ಮೌಲ್ಯ ತೆಗೆದು, ಮೂಲಗಳು ಅಂತ ನಮ್ಮ ಕೈಗೆ ಕೊಡುತ್ತೆ. ಹಾಗಾಗಿ ಮೇಲಿನ ಎರಡು ಸಾಲುಗಳನ್ನ ಒಂದಕ್ಕೊಂದು ಸ್ವತಂತ್ರ ಸಾಕ್ಷಿ ಅಂತ ತಿಳಿಯಬೇಡಿ. ಸ್ವತಂತ್ರ ಸಾಕ್ಷಿ ನಿಮ್ಮ ಕೈಲೆಕ್ಕ.

ಮೇಲೆ ಒಬ್ಬರು "ಡಯಾಗನಲ್ ಕೂಡಿಸಿ −25 ಬಂದ್ರೆ ಮ್ಯಾಟ್ರಿಕ್ಸ್ ಸರಿ" ಅಂದಿದ್ದಾರೆ. ಅರ್ಧ ಸರಿ. ಡಯಾಗನಲ್ ಮೊತ್ತ ಮೂಲಗಳ ಮೊತ್ತವೇ ಹೌದು. ಆದರೆ 25ಕ್ಕೆ ಮೈನಸ್ ಹಾಕಿ 100ಕ್ಕೆ ಮರೆತಿದ್ದೀರಿ ಅಂದುಕೊಳ್ಳಿ. ಮೊತ್ತ −25 ಸರಿಯಾಗೇ ಬರುತ್ತೆ, ಉತ್ತರ ಮಾತ್ರ 3.5 ಮತ್ತು −28.5 ಆಗುತ್ತೆ. ಆದ್ದರಿಂದ ಡಿಟರ್ಮಿನೆಂಟ್ +100 ಬಂತಾ ಅನ್ನೋದನ್ನೂ ನೋಡಬೇಕು. ಇದಕ್ಕಿಂತ ಬೇಗ ಕಣ್ಣಿಗೆ ಬೀಳೋ ಗುರುತು ಇನ್ನೊಂದಿದೆ. ಬ್ಯಾಟರಿ ಇಲ್ಲದೆ ಬರೀ R, L, C ಇರೋ ಸರ್ಕ್ಯೂಟಲ್ಲಿ ಪ್ಲಸ್ ಮೂಲ ಬರೋಕೆ ಸಾಧ್ಯವೇ ಇಲ್ಲ. 28.5 ನಿಜವಾಗಿದ್ದರೆ ಕೆಪಾಸಿಟರ್ ವೋಲ್ಟೇಜ್ ಒಂದೇ ಮಿಲಿಸೆಕೆಂಡಲ್ಲಿ ಎರಡು ಲಕ್ಷ ಕೋಟಿ ಪಟ್ಟಿಗಿಂತ ಹೆಚ್ಚಾಗಬೇಕಿತ್ತು!

ಇನ್ನು ಕರೆಂಟ್ ವಿಚಾರ. ಗುಂಪಿನ ಲೆಕ್ಚರರ್ ಮೇಡಂ "ಏನಿಟ್ಟರೂ ಅದೇ ಬರುತ್ತೆ" ಅಂತ ಒಂದೇ ಸಾಲಲ್ಲಿ ಹೇಳಿದ್ದಾರೆ. ಸರಿಯಾದ ಮಾತು, ನಾನು ಸ್ವಲ್ಪ ಬಿಡಿಸಿ ಬರೀತೀನಿ. ಸಮಯವನ್ನ ಮಿಲಿಸೆಕೆಂಡಲ್ಲೇ ಇಟ್ಟು ಕರೆಂಟನ್ನ ಆಂಪಿಯರ್‌ನಲ್ಲಿ ಅಳೆದರೆ v' = 1000i, i' = −0.1v − 25i. ಮ್ಯಾಟ್ರಿಕ್ಸ್ [[0, 1000], [−0.1, −25]]. ನೋಡೋಕೆ ಬೇರೆಯೇ ಕಂಡರೂ ಡಿಟರ್ಮಿನೆಂಟ್ 100, ಡಯಾಗನಲ್ ಮೊತ್ತ −25, ಮೂಲಗಳು ಅವೇ. ಅದೇ ಕರೆಂಟನ್ನ ಮಿಲಿಆಂಪಿಯರ್‌ಗೆ ಬದಲಾಯಿಸಿದರೆ, ನಿಮ್ಮ 1 ಮೈಕ್ರೋಫ್ಯಾರಡ್ ದೆಸೆಯಿಂದ, v' ಮತ್ತು i ಅಂಕಿಯಲ್ಲಿ ಒಂದೇ ಆಗಿ ಹಳೇ ಮ್ಯಾಟ್ರಿಕ್ಸೇ ವಾಪಸ್ ಬರುತ್ತೆ. ಐಗೆನ್ ಮೌಲ್ಯ ಬದಲಾಗೋದು ಸಮಯದ ಅಳತೆ ಬದಲಾದಾಗ ಮಾತ್ರ: ಸೆಕೆಂಡಲ್ಲಿ ಮಾಡಿದರೆ −5000, −20000.

ನನಗೆ ತುಂಬಾ ಇಷ್ಟವಾದ ಆಯ್ಕೆ ಇನ್ನೊಂದು. v' ಬದಲು w = v' + 5v ಇಟ್ಟುಕೊಳ್ಳಿ. ಆಗ v' = −5v + w. w' ಲೆಕ್ಕ ಹಾಕಿ: v'' + 5v' = −20v' − 100v, ಅಂದರೆ −20w. ಮ್ಯಾಟ್ರಿಕ್ಸ್ [[−5, 1], [0, −20]] ಆಯ್ತು, ಮೂಲಗಳೆರಡೂ ಡಯಾಗನಲ್ಲಲ್ಲಿ ಬಂದು ಕೂತಿವೆ. w ತನ್ನ ಪಾಡಿಗೆ −20ರ ವೇಗದಲ್ಲಿ ಸಾಯುತ್ತೆ. v ಅದರಿಂದ ಸ್ವಲ್ಪ ತಳ್ಳಿಸಿಕೊಂಡು −5ರ ವೇಗದಲ್ಲಿ ಇಳಿಯುತ್ತೆ.

ಐಗೆನ್ ವೆಕ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು ಹೇಳಲೇಬೇಕು. ನಿಮ್ಮ ಮೂಲ ಮ್ಯಾಟ್ರಿಕ್ಸಿಗೆ ಅದು ಯಾವಾಗಲೂ (1, λ): ಇಲ್ಲಿ (1, −5) ಮತ್ತು (1, −20). ಮೊದಲನೆಯದನ್ನ A ಯಿಂದ ಗುಣಿಸಿ ನೋಡಿ, (−5, 25) ಬರುತ್ತೆ. ಅದು −5 × (1, −5). ಕೆಪಾಸಿಟರಲ್ಲಿ 5 ವೋಲ್ಟ್ ಇದ್ದು, ಅದೇ ಕ್ಷಣ ಅದರಿಂದ 25 ಮಿಲಿಆಂಪಿಯರ್ ಹೊರಗೆ ಹರೀತಿದ್ದರೆ ಶುದ್ಧ e^(−5t) ಮಾತ್ರ ಕಾಣುತ್ತೆ, −20ರ ಸುಳಿವೇ ಇರೋಲ್ಲ. ಆದರೆ ನಾವು ಸಾಮಾನ್ಯವಾಗಿ ಶುರು ಮಾಡೋದು 5 ವೋಲ್ಟ್ ಮತ್ತು ಸೊನ್ನೆ ಕರೆಂಟಿನಿಂದ. ಆಗ ಎರಡೂ ಬೆರೆತು v = (20/3)e^(−5t) − (5/3)e^(−20t) ಆಗುತ್ತೆ.

ಇದನ್ನ ಸ್ಕೋಪಲ್ಲಿ ನೋಡಬಹುದು. ಫಂಕ್ಷನ್ ಜನರೇಟರಿಂದ 0–5 ವೋಲ್ಟ್ ಸ್ಕ್ವೇರ್ ವೇವ್ 250 ಹರ್ಟ್ಸಲ್ಲಿ ಕೊಡಿ. ಅರ್ಧ ಸುತ್ತಿಗೆ 2 ಮಿಲಿಸೆಕೆಂಡ್ ಸಿಗುತ್ತೆ, ಕೆಪಾಸಿಟರ್ ಪೂರ್ತಿ ಖಾಲಿಯಾಗೋಕೆ ಬೇಕಾದಷ್ಟಾಯ್ತು. ಇಳಿಯೋ ಕಡೆ 0.4 ಮಿಲಿಸೆಕೆಂಡಲ್ಲಿ ಸುಮಾರು 0.90 ವೋಲ್ಟ್, 0.6ರಲ್ಲಿ ಸುಮಾರು 0.33 ವೋಲ್ಟ್ ಇರಬೇಕು. ಅನುಪಾತ 2.7ರ ಹತ್ತಿರ ಬಂದರೆ ಅಲ್ಲಿ ನೀವು ನೋಡ್ತಿರೋದು −5 ಮೂಲವನ್ನೇ. ಬಾರದಿದ್ದರೆ ಮೊದಲು R ಮೇಲೆ ಅನುಮಾನ ಪಡಿ. ಜನರೇಟರಿನ ಒಳಗಿನ 50 ಓಮ್, ಕಾಯಿಲ್ ತಂತಿಯ ಓಮ್ ಎರಡೂ ಆ 250ರೊಳಗೇ ಸೇರಬೇಕು. ಕಾಯಿಲನ್ನ ಮಲ್ಟಿಮೀಟರಲ್ಲಿ ಅಳೆದಾಗ 20 ಓಮ್ ತೋರಿಸಿದರೆ ನೀವು ಹಾಕಬೇಕಾದ ರೆಸಿಸ್ಟರ್ 180 ಓಮ್, 250 ಅಲ್ಲ.

ಒಟ್ಟು R ಅನ್ನ 120 ಓಮ್‌ಗೆ ಇಳಿಸಿದರೆ λ² + 12λ + 100, ಮೂಲಗಳು −6 ± 8j. 6 ಇಳಿಯೋ ವೇಗ, 8 ಓಲಾಡೋ ವೇಗ. ವೋಲ್ಟೇಜ್ ಸೊನ್ನೆ ದಾಟಿ 0.39 ಮಿಲಿಸೆಕೆಂಡಲ್ಲಿ ಸುಮಾರು −0.47 ವೋಲ್ಟ್‌ಗೆ ಇಳಿದು ಮೇಲೇಳುತ್ತೆ. ಮ್ಯಾಟ್ರಿಕ್ಸಲ್ಲಿ ಬದಲಾದದ್ದು ಒಂದೇ ಅಂಕಿ: −25 ಇದ್ದಲ್ಲಿ −12.

ಒಟ್ಟು ಸರಿಯಾಗಿ 200 ಓಮ್ ಆದಾಗ ಕಷ್ಟ ಶುರು. λ² + 20λ + 100, ಎರಡೂ ಮೂಲ −10. ಐಗೆನ್ ಮೌಲ್ಯ ಎರಡು ಸಲ ಬಂದರೂ ವೆಕ್ಟರ್ ಒಂದೇ, (1, −10). ಎರಡನೆಯದು ಇಲ್ಲವೇ ಇಲ್ಲ. ಮೇಲಿನ ಉಪಾಯದಂತೆ w = v' + 10v ಇಟ್ಟರೆ [[−10, 1], [0, −10]]. ಆ ಮೂಲೆಯ 1 ಏನು ಮಾಡಿದರೂ ಹೋಗಲ್ಲ. w ಯಾವ ವೇಗದಲ್ಲಿ ಇಳಿಯುತ್ತೋ v ಕೂಡ ಅದೇ ವೇಗದಲ್ಲಿ ಇಳೀತಾ ಅದರಿಂದ ತಳ್ಳಿಸಿಕೊಳ್ಳುತ್ತೆ. te^(−10t) ಹುಟ್ಟೋದು ಅಲ್ಲಿಂದ. np.linalg.eig ಇಲ್ಲಿಯೂ ಎರಡು ಕಂಬಸಾಲು ಕೊಡುತ್ತೆ, ಆದರೆ ಅವು ಹೆಚ್ಚುಕಡಿಮೆ ಒಂದೇ ದಿಕ್ಕಿನವು. ಅವನ್ನ ನಂಬಿ ಇನ್ವರ್ಸ್ ತೆಗೆದರೆ ಅಂಕಿಗಳು ಕೆಟ್ಟುಹೋಗುತ್ತವೆ. ಆ ವೆಕ್ಟರ್ ಮ್ಯಾಟ್ರಿಕ್ಸನ್ನ np.linalg.condಗೆ ಕೊಟ್ಟು ನೋಡಿ, ದೊಡ್ಡ ಸಂಖ್ಯೆ ಬಂದರೆ ಆ ದಾರಿ ಬಿಟ್ಟುಬಿಡಿ.

ಇದೇ ಜಾಗದಲ್ಲಿ ಮೂಲಗಳು ಬಹಳ ಚಂಚಲ. ಕೆಪಾಸಿಟರ್ ಬರೆದದ್ದಕ್ಕಿಂತ ಶೇ 1ರಷ್ಟು ಹೆಚ್ಚಿದ್ದರೆ 100 ಹೋಗಿ ಸುಮಾರು 99 ಆಗುತ್ತೆ, ಮೂಲಗಳು −9, −11. ಭಾಗ ಶೇ 1 ಬದಲಾದರೆ ಮೂಲ ಶೇ 10 ಸರಿಯಿತು. ಕಡಿಮೆ ಇದ್ದರೆ 101, ಆಗ −10 ± j. ಬ್ರೆಡ್‌ಬೋರ್ಡ್ ಮೇಲೆ ಸರಿಸಮ −10, −10 ಹಿಡಿಯೋಕೆ ಹೋಗಬೇಡಿ. ಸ್ಕೋಪಿನ ಗೆರೆಯಲ್ಲಿ ಈ ಮೂರರ ವ್ಯತ್ಯಾಸ ಹುಡುಕಿದರೂ ಕಾಣೋದು ಕಷ್ಟ.

ಮೇಡಂ ಅಭಿಪ್ರಾಯ "ಹೀಗಿದ್ದಾಗ ಯಾವಾಗಲೂ w ಉಪಾಯವನ್ನೇ ಬಳಸಿ" ಅಂತ. ಎರಡು ಸಾಲಿನ ಲೆಕ್ಕಕ್ಕೆ ಒಪ್ಪುತ್ತೇನೆ ಮೇಡಂ. ಆದರೆ w ಕಟ್ಟೋಕೆ ಮೂಲ ಮೊದಲೇ ಗೊತ್ತಿರಬೇಕಲ್ಲ? ಎರಡು L-C ಹಂತ ಸೇರಿ ನಾಲ್ಕು ಸಾಲಾದಾಗ ಅದನ್ನೇ ಹುಡುಕ್ತಿರ್ತೀವಿ. ಅಲ್ಲಿ ನಾನು scipy.linalg.expm ಕಡೆಗೆ ವಾಲುತ್ತೇನೆ, ಅದಕ್ಕೆ ವೆಕ್ಟರ್‌ಗಳೇ ಬೇಡ. ನಿಮ್ಮ ವಾದ ಇನ್ನೂ ಇದ್ದರೆ ಬರೆಯಿರಿ.

ಸ್ಕೂಟರಿನ ಹಿಂದಿನ ಶಾಕ್ ಅಬ್ಸಾರ್ಬರ್ ಬಗ್ಗೆ ಕೇಳಿದ ಅಣ್ಣನಿಗೆ: ಇದೇ ಸಮೀಕರಣ ಅಲ್ಲಿಗೂ ಹೊಂದುತ್ತೆ. L ಜಾಗದಲ್ಲಿ ಭಾರ, R ಜಾಗದಲ್ಲಿ ಡ್ಯಾಂಪರ್, 1/C ಜಾಗದಲ್ಲಿ ಸ್ಪ್ರಿಂಗ್. ಭಾರದಿಂದ ಭಾಗಿಸೋದು ಮರೀಬೇಡಿ, ಇಲ್ಲದಿದ್ದರೆ ಕೆಳಸಾಲು ತಪ್ಪುತ್ತೆ. ಆದರೆ ಎರಡು ತೊಡಕಿವೆ. ಟೈರೂ ಒಂದು ಸ್ಪ್ರಿಂಗೇ, ಹಾಗಾಗಿ ಚಕ್ರವನ್ನ ಬೇರೆ ಭಾರವಾಗಿ ಹಿಡಿದರೆ ನಾಲ್ಕು ಸಾಲು ಬೇಕು. ಅದಕ್ಕಿಂತ ದೊಡ್ಡದು, ಡ್ಯಾಂಪರ್ ಒತ್ತುವಾಗ ಒಂದು ಥರ, ಹಿಗ್ಗುವಾಗ ಇನ್ನೊಂದು ಥರ ಎಳೆಯುತ್ತೆ. ಆಗ ಒಂದೇ A ಸಾಲದು, ಒಂದೇ ಜೋಡಿ ಮೂಲಗಳೂ ಇರೋಲ್ಲ. ಡ್ಯಾಂಪರಿನ ಒತ್ತುವಾಗಿನ ಅಂಕಿ, ಹಿಗ್ಗುವಾಗಿನ ಅಂಕಿ ಎರಡಕ್ಕೂ ಬೇರೆಬೇರೆ ಐಗೆನ್ ಮೌಲ್ಯ ತೆಗೆದು ಹೋಲಿಸೋದು ನನಗೆ ತೋಚಿದ ದಾರಿ. ಪೂರ್ತಿ ಚಲನೆಯನ್ನ ಅದು ಎಷ್ಟರಮಟ್ಟಿಗೆ ಹೇಳುತ್ತೆ ಅನ್ನೋದನ್ನ ಗಾಡಿ ಸಸ್ಪೆನ್ಷನ್ ಕೆಲಸ ಮಾಡಿದವರು ಯಾರಾದರೂ ಇದ್ದರೆ ತಿಳಿಸಿ. ಅಷ್ಟರಲ್ಲಿ ನೀವು ಸೀಟಿನ ಮೇಲೆ ಎಷ್ಟು ಕೆಜಿ ಕೂತರೆ ಎಷ್ಟು ಮಿಲಿಮೀಟರ್ ತಗ್ಗುತ್ತೆ ಅಂತ ಅಳೆದು ಹಾಕಿ, ಸ್ಪ್ರಿಂಗಿನ ಅಂದಾಜು ಸಿಕ್ಕರೆ ಮೊದಲ ಎರಡು ಸಾಲಿನ ಮ್ಯಾಟ್ರಿಕ್ಸ್ ಇಲ್ಲೇ ಬರೆಯೋಣ.