ಬಾಂಡ್ ಪೇಪರ್ ಬೇಡ, ಮನೆ ಕೊಟ್ಟವರ ಸಹಿ ಬೇಕು

"ಅಣ್ಣಾ, ನಾನು ಬಾಗಲಕೋಟೆ ನವನಗರದವನು. ಜರ್ಮನಿಯಲ್ಲಿ ಎಂ.ಎಸ್. ಸೀಟ್ ಸಿಕ್ಕಿದೆ, ಎರಡು ವರ್ಷದ ಕೋರ್ಸು. ಸೋದರಮಾವನ ಮಗ ಅಲ್ಲೇ ಬಾಡಿಗೆ ಮನೆಯಲ್ಲಿದ್ದಾನೆ, ನನ್ನ ಜೊತೆಗೇ ಇರು ಅಂತಾನೆ. ಅವನ ಕಡೆಯಿಂದ ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿದರೆ ಸಾಕಾ? ಇಲ್ಲ ಬಾಡಿಗೆ ಅಗ್ರಿಮೆಂಟೇ ಬೇಕಾ? ಮುಂದಿನ ವರ್ಷ ಹೆಂಡತಿಯನ್ನೂ ಕರಕೊಂಡು ಹೋಗೋ ವಿಚಾರ ಇದೆ."

ತಮ್ಮಾ, ಮೊದಲು ಆ ನೋಟರಿ ಖರ್ಚು ಉಳಿಸು. ನಮ್ಮಲ್ಲಿ ಏನೇ ಕಾಗದ ಇದ್ದರೂ ಇ-ಸ್ಟ್ಯಾಂಪ್ ಮೇಲೆ ಟೈಪ್ ಮಾಡಿಸಿ, ಕೋರ್ಟ್ ಮುಂದೆ ಕೂತ ನೋಟರಿಯಿಂದ ಕೆಂಪು ಸೀಲ್ ಹಾಕಿಸಿದರೆನೇ ಮನಸ್ಸಿಗೆ ಸಮಾಧಾನ. ಜರ್ಮನಿಯಲ್ಲಿ ಬಾಡಿಗೆ ಅಗ್ರಿಮೆಂಟಿಗೂ ಸ್ಟ್ಯಾಂಪ್ ಪೇಪರ್ ಇಲ್ಲ, ಹನ್ನೊಂದು ತಿಂಗಳ ಲೆಕ್ಕವೂ ಇಲ್ಲ. ಬಿಳಿ ಹಾಳೆ, ಎರಡು ಸಹಿ, ಅಷ್ಟೇ.

ನಿನ್ನ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಅಧಿಕಾರಿಗಳು ಒಂದೇ ಆಗಿಬಿಟ್ಟಿದ್ದಾರೆ. ವೀಸಾ ಕೊಡೋರು ಒಬ್ಬರು. ಊರಲ್ಲಿ ನಿನ್ನ ವಿಳಾಸ ಬರಕೊಳ್ಳೋರು ಇನ್ನೊಬ್ಬರು. ಮುಂದೆ ರೆಸಿಡೆನ್ಸ್ ಪರ್ಮಿಟ್ ಕೊಡೋ ಫಾರಿನರ್ಸ್ ಆಫೀಸಿನವರು ಮೂರನೆಯವರು. ಒಬ್ಬರು ಒಪ್ಪಿದ ಕಾಗದ ಇನ್ನೊಬ್ಬರಿಗೆ ನಡೆಯಲ್ಲ.

ವೀಸಾ ಹಂತದಲ್ಲಿ ನಿನಗೆ ಅಂಥ ತೊಂದರೆ ಇಲ್ಲ. ಲಾಂಗ್ ಸ್ಟೇ ವೀಸಾ ಫಾರಂನಲ್ಲಿ ಜರ್ಮನಿಯಲ್ಲಿ ಎಲ್ಲಿ ಇರ್ತೀಯಾ, ಒಂದು ಕೋಣೆಯೋ ಇಡೀ ಮನೆಯೋ ಅಂತ ಕೇಳುತ್ತಾರೆ. ಮಾವನ ಮಗನ ವಿಳಾಸ ಬರಿ. ಜೊತೆಗೆ ಅವನಿಂದ ಒಂದು ಪುಟದ ಪತ್ರ ತಗೋ: ಇವನು ಇಂಥ ತಾರೀಖಿನಿಂದ ನನ್ನ ಮನೆಯಲ್ಲಿ ಇರುತ್ತಾನೆ, ನಮ್ಮ ಸಂಬಂಧ ಇದು, ಸಹಿ. ಅವನ ಪರ್ಮಿಟ್ ಮತ್ತು ವಿಳಾಸದ ಕಾಗದದ ಪ್ರತಿಯನ್ನೂ ಇಡು. ಅಲ್ಲಿ ಅವರ ಕಣ್ಣು ಮುಖ್ಯವಾಗಿ ದುಡ್ಡಿನ ಮೇಲೆ ಇರುತ್ತದೆ. 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ತೆಗೆಯೋಕೆ ಬಿಡೋ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ತೋರಿಸಬೇಕು. ಅರ್ಜಿ ಹಾಕೋ ದಿನದ ಮೊತ್ತ ಏನಿದೆ ಅಂತ ಚೆಕ್‌ಲಿಸ್ಟಿನಲ್ಲಿ ನೋಡಿಕೋ.

ಇಲ್ಲೊಂದು ಗೊಂದಲ ಇದೆ. "ಅಲ್ಲಿರೋ ನೆಂಟರು ಡಿಕ್ಲರೇಶನ್ ಕೊಟ್ಟರೆ ಎಲ್ಲಾ ಮುಗೀತು" ಅಂತ ನಿನಗೆ ಯಾರಾದರೂ ಹೇಳಿರಬಹುದು. ಅವರು ಹೇಳೋದು ಫೆರ್‌ಫ್ಲಿಶ್ಟುಂಗ್ಸ್‌ಎರ್‌ಕ್ಲೇರುಂಗ್ ಅನ್ನೋ ಉದ್ದ ಹೆಸರಿನ ಕಾಗದದ ವಿಷಯ. ಅದು ಮನೆಯ ಪತ್ರ ಅಲ್ಲ, ಖರ್ಚಿನ ಜಾಮೀನು. ನಿನ್ನ ಮಾವನ ಮಗ ತನ್ನ ಊರಿನ ಆಫೀಸಿಗೆ ಹೋಗಿ, ಸಂಬಳದ ಚೀಟಿ ತೋರಿಸಿ, 29 ಯೂರೋ ಫೀ ಕಟ್ಟಿ ಸಹಿ ಹಾಕಬೇಕು. ನಿನ್ನ ಮೇಲೆ ಸರ್ಕಾರ ಏನಾದರೂ ಖರ್ಚು ಮಾಡಿದರೆ ಐದು ವರ್ಷದ ತನಕ ಅವನಿಂದ ವಸೂಲಿ ಮಾಡಬಹುದು. ನೀನು ಬ್ಲಾಕ್ಡ್ ಅಕೌಂಟ್ ಮಾಡಿಸಿದ್ದರೆ ಆ ಭಾರ ಅವನ ಮೇಲೆ ಯಾಕೆ ಹಾಕ್ತೀಯಾ? ಸುಮ್ನೆ ಬೇಡ.

ನಿಜವಾದ ಪರೀಕ್ಷೆ ಬಂದಿಳಿದ ಮೇಲೆ. ಮನೆಗೆ ಸೇರಿದ ದಿನದಿಂದ ಎರಡು ವಾರದೊಳಗೆ ಊರಿನ ನೋಂದಣಿ ಆಫೀಸಿನಲ್ಲಿ ವಿಳಾಸ ಬರೆಸಬೇಕು. ಆನ್‌ಮೆಲ್ಡುಂಗ್ ಅಂತಾರೆ. ಅಲ್ಲಿ ಕೇಳೋದು ಒಂದು ಪುಟದ ಫಾರಂ, ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ಕನ್ನಡದಲ್ಲಿ ಹೇಳಬೇಕೆಂದರೆ ಮನೆ ಕೊಟ್ಟವರ ದೃಢೀಕರಣ. ಅದರಲ್ಲಿ ಇರೋದು ಇಷ್ಟೇ: ಮನೆ ಕೊಟ್ಟವರ ಹೆಸರು ಮತ್ತು ವಿಳಾಸ, ಅವರೇ ಮಾಲೀಕರಲ್ಲದಿದ್ದರೆ ಮಾಲೀಕರ ಹೆಸರು, ನೀನು ಸೇರಿದ ತಾರೀಖು, ಮನೆಯ ವಿಳಾಸ, ಅಲ್ಲಿ ಸೇರಿದವರ ಹೆಸರುಗಳು. ಬಾಡಿಗೆ ಎಷ್ಟು ಅಂತ ಅದರಲ್ಲಿ ಬರೆಯೋ ಹಾಗಿಲ್ಲ, ಬೇಕಾಗೂ ಇಲ್ಲ.

ಇದು ನನಗೆ ಗೊತ್ತಾಗಿದ್ದು ಕೌಂಟರಿನಲ್ಲಿ ನಿಂತಾಗ. ನಾನು ಜಮಖಂಡಿಯಿಂದ ಬಂದ ಹೊಸದರಲ್ಲಿ ಒಬ್ಬನ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಹದಿನಾಲ್ಕು ಪುಟದ ಅಗ್ರಿಮೆಂಟ್, ಪ್ರತಿ ಪುಟಕ್ಕೂ ಸಹಿ. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿಕೊಂಡು ಹೆಮ್ಮೆಯಿಂದ ಹೋದೆ. ಕೌಂಟರಿನ ಹೆಂಗಸು ಮೊದಲ ಪುಟ ನೋಡಿದರು, ಕೊನೆ ಪುಟ ನೋಡಿದರು, ಎರಡು ಬೆರಳಿನಿಂದ ನನ್ನ ಕಡೆಗೇ ತಳ್ಳಿದರು. "ಆ ಒಂದು ಹಾಳೆ ಎಲ್ಲಿ?" ಅಂದರು. ಕೋಣೆ ಕೊಟ್ಟವನನ್ನು ಕೇಳಿದರೆ "ನಾಳೆ, ನಾಡಿದ್ದು" ಅಂದ. ಆಮೇಲೆ ಬಾಯಿಬಿಟ್ಟ: ಅವನೂ ಬಾಡಿಗೆಯವನೇ, ಮಾಲೀಕರಿಗೆ ನಾನಿರೋದೇ ಗೊತ್ತಿಲ್ಲ. ನಾಲ್ಕು ವಾರಕ್ಕೆ ಗಂಟುಮೂಟೆ ಕಟ್ಟಿದೆ. ಡಿಪಾಸಿಟ್ ವಾಪಸ್ ಬರೋಕೆ ಹಬ್ಬ ಕಳೆದು ಹಬ್ಬ ಬಂತು.

ನಿನ್ನ ಕೇಸೂ ಅದೇ ದಾರಿಗೆ ಹೋಗಬಹುದು, ಅದಕ್ಕೇ ಇಷ್ಟು ಬಿಡಿಸಿ ಹೇಳ್ತಿದ್ದೇನೆ. ನಿನ್ನ ಮಾವನ ಮಗ ಬಾಡಿಗೆಯವನು. ಬಾಡಿಗೆಯವನೂ ಮನೆ ಕೊಟ್ಟವನಾಗಿ ಆ ಫಾರಂಗೆ ಸಹಿ ಹಾಕಬಹುದು, ಅದರಲ್ಲಿ ತಪ್ಪಿಲ್ಲ. ಮಾಲೀಕರ ಹೆಸರೂ ಬರೀಬೇಕು ಅಷ್ಟೇ. ಆದರೆ ನಿನ್ನನ್ನು ಎರಡು ವರ್ಷ ಇಟ್ಟುಕೊಳ್ಳೋಕೆ ಅವನಿಗೆ ಮಾಲೀಕರ ಒಪ್ಪಿಗೆ ಬೇಕು. ಹೆಂಡತಿ, ಮಕ್ಕಳು, ತಂದೆ-ತಾಯಿಯನ್ನು ಇಟ್ಟುಕೊಳ್ಳೋಕೆ ಒಪ್ಪಿಗೆ ಕೇಳಬೇಕಿಲ್ಲ, ತಿಳಿಸಿದರೆ ಸಾಕು. ನಮ್ಮ ಕಡೆ ಸೋದರಮಾವನ ಮಗ ಅಂದರೆ ಸ್ವಂತ ಮನೆಯವನೇ ಅಲ್ವಾ? ಅವರ ಕಾನೂನಿಗೆ ನೀನು ಹೊರಗಿನವನು. ಒಂದಾರು ವಾರ ನೆಂಟನಾಗಿ ಬಂದು ಹೋದರೆ ಯಾರೂ ಕೇಳಲ್ಲ. ಅದಕ್ಕಿಂತ ಜಾಸ್ತಿ ಆದರೆ ನೀನು ಬಾಡಿಗೆ ಕೊಡದಿದ್ದರೂ ಒಪ್ಪಿಗೆ ಬೇಕೇ ಬೇಕು. ಇಲ್ಲದಿದ್ದರೆ ಅವನ ಮನೆಗೇ ಸಂಚಕಾರ.

ಹಾಗಾಗಿ ಟಿಕೆಟ್ ಬುಕ್ ಮಾಡೋ ಮೊದಲು ಅವನಿಗೆ ಫೋನ್ ಮಾಡಿ ಒಂದೇ ಮಾತು ಕೇಳು: "ಮಾಲೀಕರು ಇ-ಮೇಲಿನಲ್ಲಿ ಹೂಂ ಅಂದಿದ್ದಾರಾ?" ಬಾಯಿಮಾತು ಬೇಡ. ಮುಳುಗಡೆಯಲ್ಲಿ ಮನೆ ಬಿಟ್ಟು ಬಂದವರ ಊರು ನಮ್ಮದು. ಹಕ್ಕುಪತ್ರ ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತೆ ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿದರೂ ಹೇಳ್ತಾರೆ.

ಒಪ್ಪಿಗೆ ಸಿಗದಿದ್ದರೆ ಮೊದಲ ಕೆಲವು ವಾರ ಅವನಲ್ಲಿ ಇದ್ದು ಬೇರೆ ಕೋಣೆ ಹುಡುಕು. ಆಗ ಎರಡು ಬಲೆಗಳಿವೆ. "ಆನ್‌ಮೆಲ್ಡುಂಗ್ ಇಲ್ಲ" ಅಂತ ಜಾಹೀರಾತಿನಲ್ಲೇ ಬರೆದ ಕೋಣೆ ಒಂದು. ಅಗ್ಗ ಇರುತ್ತೆ, ಆದರೆ ನಿನಗೆ ಉಪಯೋಗ ಇಲ್ಲ. ಇನ್ನೊಂದು, ಇರೋದು ಬೇರೆ ಕಡೆ, ದುಡ್ಡು ಕೊಟ್ಟರೆ ವಿಳಾಸ ಮಾತ್ರ ಕೊಡ್ತೀವಿ ಅನ್ನೋರು. ನಿಜವಾಗಿ ವಾಸ ಇಲ್ಲದವರಿಗೆ ನೋಂದಣಿಗೆ ಅಂತ ಹೀಗೆ ವಿಳಾಸ ಕೊಡೋರಿಗೆ 50,000 ಯೂರೋ ತನಕ ದಂಡ ಹಾಕೋಕೆ ಕಾನೂನಿದೆ. ಅದೇ, ನೀನು ನಿಜವಾಗಿ ಇದ್ದೂ ಮನೆಯವರು ಫಾರಂ ಕೊಡಲ್ಲ ಅಂದರೆ ತಪ್ಪು ಅವರದು. ಅವರಿಗೆ 1,000 ಯೂರೋ ತನಕ ದಂಡ ಬೀಳಬಹುದು. ಆದರೆ ಕೊಡ್ತಿಲ್ಲ ಅಂತ ನೀನು ತಡಮಾಡದೆ ಆಫೀಸಿಗೆ ತಿಳಿಸಬೇಕು. ನಾನು ಆವತ್ತು ಸುಮ್ಮನಿದ್ದದ್ದೇ ತಪ್ಪು.

ಎಷ್ಟೋ ಊರುಗಳಲ್ಲಿ ಎರಡು ವಾರದೊಳಗೆ ಅಪಾಯಿಂಟ್‌ಮೆಂಟೇ ಸಿಗಲ್ಲ. ಸಿಕ್ಕ ತಾರೀಖನ್ನು ಬೇಗ ಬುಕ್ ಮಾಡಿ ಪ್ರಿಂಟ್ ಇಟ್ಟುಕೋ.

ಹಾಗಾದರೆ ಅಗ್ರಿಮೆಂಟ್ ಯಾವಾಗ ಬೇಕು? ಫಾರಿನರ್ಸ್ ಆಫೀಸಿನಲ್ಲಿ. ವೀಸಾ ಮುಗಿಯೋ ಮೊದಲು ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕುವಾಗ ನೋಂದಣಿ ಚೀಟಿಯ ಜೊತೆ ಅಗ್ರಿಮೆಂಟನ್ನೂ ಕೇಳೋದುಂಟು. ಬಾಡಿಗೆ ಕಟ್ಟಿ ನಿನ್ನ ಕೈಯಲ್ಲಿ ಎಷ್ಟು ಉಳಿಯುತ್ತೆ ಅಂತ ಅವರ ಲೆಕ್ಕ. ಮಾವನ ಮಗನ ಜೊತೆ ಇದ್ದರೆ, ಯಾವ ಕೋಣೆ, ತಿಂಗಳಿಗೆ ಎಷ್ಟು, ಕರೆಂಟು-ಹೀಟಿಂಗ್ ಸೇರಿಯೋ ಅಂತ ಎರಡು ಪುಟ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ. ಮಾಲೀಕರ ಒಪ್ಪಿಗೆಯ ಪ್ರಿಂಟನ್ನು ಅದಕ್ಕೇ ಪಿನ್ ಮಾಡು.

ಈಗ ಹೆಂಡತಿ ವಿಷಯ. ಇಲ್ಲಿ ಕಾಗದಕ್ಕಿಂತ ಚದರ ಅಡಿ ಮುಖ್ಯ. ಆರು ವರ್ಷ ಮೇಲ್ಪಟ್ಟ ಒಬ್ಬೊಬ್ಬರಿಗೆ 12 ಚದರ ಮೀಟರ್, ಆರರೊಳಗಿನ ಮಗುವಿಗೆ 10, ಜೊತೆಗೆ ಅಡುಗೆಮನೆ ಮತ್ತು ಬಚ್ಚಲು ಬಳಸೋ ಅವಕಾಶ. ಇಷ್ಟಿದ್ದರೆ ಮನೆ ಸಾಕು ಅಂತ ಅಧಿಕಾರಿಗಳಿಗೆ ಕೊಟ್ಟ ನಿಯಮ. ಸುಮಾರು ಶೇ. 10 ಕಡಿಮೆ ಇದ್ದರೂ ನಡೆಯುತ್ತೆ. ಎರಡು ವರ್ಷ ತುಂಬದ ಮಗುವನ್ನು ಲೆಕ್ಕಕ್ಕೇ ಹಿಡಿಯಲ್ಲ. 12 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಹತ್ತಕ್ಕೆ ಹದಿಮೂರು ಅಡಿ ಕೋಣೆ.

ನೀವಿಬ್ಬರಿಗೆ 24 ಬೇಕು. 22 ಚದರ ಮೀಟರಿನ ಒಂದು ಕೋಣೆ ಮನೆ ಹಿಡಿದರೆ, ಹತ್ತು ಪರ್ಸೆಂಟ್ ಬಿಟ್ಟರೆ 21.6, ಪಾಸು. ಅದೇ ಮಾವನ ಮಗನ 65 ಚದರ ಮೀಟರ್ ಮನೆಯಲ್ಲಿ 14ರ ಕೋಣೆ ನಿಮ್ಮದು ಅಂದರೆ ಫೇಲು. ಬೇರೆಯವರೂ ಬಳಸೋ ಹಾಲ್ ಸಾಮಾನ್ಯವಾಗಿ ನಿಮ್ಮ ಲೆಕ್ಕಕ್ಕೆ ಬರಲ್ಲ. 65 ಇದೆಯಲ್ಲ ಸಾಹೇಬರೇ ಅಂತ ವಾದ ಮಾಡಿ ಸೋತವರನ್ನು ನೋಡಿದ್ದೇನೆ. ಅಗ್ರಿಮೆಂಟಿನಲ್ಲಿ ಕೋಣೆಯ ಅಳತೆ ಬರೆದಿದೆಯಾ ಅಂತ ಸಹಿಗೆ ಮೊದಲೇ ನೋಡು. ಎಷ್ಟೋ ಸಲ ಇರಲ್ಲ, ಆಮೇಲೆ ಮಾಲೀಕರ ಹಿಂದೆ ಓಡಾಡಬೇಕು.

ಬ್ಲೂ ಕಾರ್ಡ್‌ನಂಥ ನುರಿತ ಕೆಲಸದ ಪರ್ಮಿಟ್ ಇದ್ದವರಿಗೆ ಹೆಂಡತಿ, ಮಕ್ಕಳನ್ನು ಕರೆಸಲು ಈ ಅಳತೆ ತೋರಿಸೋದು 2024ರ ಮಾರ್ಚ್ 1ರಿಂದ ಇಲ್ಲ. ಸ್ಟೂಡೆಂಟ್‌ಗೆ ಇದೆ. ಓದು ಮುಗಿದು ಕೆಲಸ ಸಿಕ್ಕ ಮೇಲೆ ಕರೆಸಿದರೆ ಈ ತಲೆನೋವೇ ಇರಲ್ಲ, ಆದರೆ ಅದು ನಿಮ್ಮಿಬ್ಬರ ಮಾತು.

ಹಾಂ, ಇನ್ನೊಂದು. ಬಂದ ದಿನವೇ ಮನೆಯ ಅಂಚೆ ಡಬ್ಬಿಯ ಮೇಲೆ ಮಾವನ ಮಗನ ಹೆಸರಿನ ಕೆಳಗೆ ನಿನ್ನ ಹೆಸರು ಅಂಟಿಸು, ಪಾಸ್‌ಪೋರ್ಟಿನಲ್ಲಿ ಇರೋ ಹಾಗೇ. ನೋಂದಣಿ ಆದ ಮೇಲೆ ಟ್ಯಾಕ್ಸ್ ನಂಬರ್ ಬರೋದು ಅಂಚೆಯಲ್ಲೇ. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಪೋಸ್ಟ್‌ಮ್ಯಾನ್ ಬಾಗಿಲು ಬಡಿದು ಕೇಳಲ್ಲ, ಕಾಗದ ವಾಪಸ್ ಹೋಗುತ್ತೆ. ನಾನು ಬಿಸ್ಕತ್ತಿನ ಡಬ್ಬಿಯ ರಟ್ಟು ಕತ್ತರಿಸಿ, ಬಾಲ್‌ಪೆನ್ನಿನಿಂದ ಬರೆದು, ಸೆಲ್ಲೋಟೇಪ್ ಹಚ್ಚಿದ್ದೆ. ಎರಡು ವರ್ಷ ಅದೇ ನಡೀತು.