ಗ್ರಾಫ್ ಇಳಿದಲ್ಲೆಲ್ಲ ಕತ್ತರಿ ಬೇಡ

ಪ್ರಶ್ನೆ: ಯೂಟ್ಯೂಬ್ ವಿಡಿಯೋದ ರಿಟೆನ್ಶನ್ ಗ್ರಾಫ್ ಕೆಳಗಿಳಿದ ಕಡೆಯೆಲ್ಲ ಸ್ಕ್ರಿಪ್ಟ್ ಕಡಿಮೆ ಮಾಡಬೇಕಾ? ಮುಂದಿನ ಕಂತಿನಲ್ಲಿ ಯಾವ ಭಾಗ ಬಿಗಿ ಮಾಡಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಬೇಡ. ವಿಡಿಯೋದ ಪ್ರತಿ ಕ್ಷಣವನ್ನು ಶೇಕಡಾ ಎಷ್ಟು ಮಂದಿ ನೋಡಿದ್ದಾರೆ ಎಂಬುದನ್ನು ಈ ಗ್ರಾಫಿನ ಗೆರೆ ತೋರಿಸುತ್ತದೆ. ಇಳಿದ ಗೆರೆ ಮತ್ತೆ ಮೇಲೆ ಬಂದಿದೆಯೇ ಇಲ್ಲವೇ ಎಂಬುದನ್ನು ಮೊದಲು ನೋಡಿ, ಏಕೆಂದರೆ ಅವೆರಡಕ್ಕೂ ಮಾಡಬೇಕಾದ ತಿದ್ದುಪಡಿ ಬೇರೆ ಬೇರೆ. ಗೆರೆ ಇಳಿದು ಸ್ವಲ್ಪದರಲ್ಲೇ ಹಳೆಯ ಮಟ್ಟಕ್ಕೆ ಮರಳಿದರೆ, ನೋಡುಗರು ಆ ಭಾಗವನ್ನು ದಾಟಿಸಿ ಮುಂದಕ್ಕೆ ಹೋಗಿದ್ದಾರೆ, ವಿಡಿಯೋ ಬಿಟ್ಟಿಲ್ಲ ಎಂದರ್ಥ. ಇಳಿದ ಗೆರೆ ಅಲ್ಲೇ ಉಳಿದರೆ ಅವರು ಎದ್ದು ಹೋಗಿದ್ದಾರೆ. ಚಿಂತಿಸಬೇಕಾದದ್ದು ಮುಖ್ಯವಾಗಿ ಈ ಎರಡನೆಯದರ ಬಗ್ಗೆ.

ಶಿರಸಿಯ ಸ್ನೇಹಿತರೊಬ್ಬರ ಅಡುಗೆ ಚಾನೆಲ್‌ಗೆ ನಾನು ಸ್ಕ್ರಿಪ್ಟ್ ತಿದ್ದಿಕೊಡುತ್ತೇನೆ. ತೊಡೆದೇವು ಎಂಬ ತೆಳ್ಳನೆಯ ಸಿಹಿತಿಂಡಿಯ ಬಗ್ಗೆ ಅವರು ಮಾಡಿದ ಕಂತು ಸುಮಾರು ಒಂಬತ್ತು ನಿಮಿಷದ್ದು. ಅದರ ಗ್ರಾಫಿನಲ್ಲಿ ಮೂರು ಇಳಿತಗಳಿದ್ದವು. 0:30ರಲ್ಲಿ 64% ಇದ್ದ ಗೆರೆ 1:10ಕ್ಕೆ 48%ಕ್ಕೆ ಬಂದಿತ್ತು. 2:40ರ ನಂತರ 44ರಿಂದ 35ಕ್ಕೆ ಇಳಿದು, 3:25ಕ್ಕೆ ಪುನಃ 43ಕ್ಕೆ ಏರಿತ್ತು. ಕೊನೆಯದಾಗಿ 6:00ರಿಂದ 6:40ರೊಳಗೆ 36ರಿಂದ 27ಕ್ಕೆ ಕುಸಿದು ಮೇಲೇಳಲೇ ಇಲ್ಲ.

ಕಣ್ಣಿಗೆ ಮೊದಲನೆಯ ಇಳಿತವೇ ದೊಡ್ಡದಾಗಿ ಕಾಣುತ್ತದೆ: ಅಲ್ಲಿ ಹದಿನಾರು ಅಂಶ ಹೋಗಿದೆ, ಕೊನೆಯಲ್ಲಿ ಒಂಬತ್ತು ಮಾತ್ರ. ಆದರೆ ಹೋದವರನ್ನು ಆ ಕ್ಷಣಕ್ಕೆ ಉಳಿದಿದ್ದವರ ಲೆಕ್ಕದಲ್ಲಿ ಅಳೆಯಬೇಕು. 64ರಲ್ಲಿ 16 ಎಂದರೆ ಕಾಲುಭಾಗ. 36ರಲ್ಲಿ 9 ಎಂದರೂ ಕಾಲುಭಾಗವೇ, ಅದೂ ಅಷ್ಟೇ ನಲವತ್ತು ಸೆಕೆಂಡಿನಲ್ಲಿ. ಆರು ನಿಮಿಷ ಕುಳಿತು ನೋಡಿದವರಲ್ಲಿ ಕಾಲುಭಾಗ ಒಮ್ಮೆಲೇ ಹೊರಟುಹೋಗುವುದು, ನನ್ನ ದೃಷ್ಟಿಯಲ್ಲಿ, ಆರಂಭದ ಸೋರಿಕೆಗಿಂತ ಗಂಭೀರವಾದ ಸಂಗತಿ. ಶೀರ್ಷಿಕೆ ನೋಡಿ ಒಳಬಂದು, ತಮಗೆ ಬೇಕಾದದ್ದು ಇದಲ್ಲವೆಂದು ಹೊರಡುವವರು ಯಾವ ವಿಡಿಯೋದ ಆರಂಭದಲ್ಲಿಯೂ ಸ್ವಲ್ಪ ಮಂದಿ ಇದ್ದೇ ಇರುತ್ತಾರೆ.

ಗ್ರಾಫ್ ಎಲ್ಲಿ ಎಂಬುದನ್ನು ಹೇಳುತ್ತದೆ, ಏಕೆ ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ಸ್ಕ್ರಿಪ್ಟಿನ ಪ್ರತಿ ಪ್ಯಾರಾದ ಎದುರು ಸಮಯ ಬರೆದುಕೊಂಡು, ಗೆರೆ ಬಾಗುವ ಬಿಂದುವಿಗಿಂತ ಹತ್ತು–ಹದಿನೈದು ಸೆಕೆಂಡ್ ಹಿಂದಿನಿಂದ ಓದಬೇಕು. ಆರನೆಯ ನಿಮಿಷದ ನಂತರ ಇದ್ದದ್ದು ಮನೆಯ ಅಜ್ಜಿಯ ಮಾತು: ತೊಡೆದೇವು ಮಡಕೆಯಿಂದ ಎಬ್ಬಿಸುವಾಗ ಏಕೆ ಹರಿಯುತ್ತದೆ, ಹಿಟ್ಟಿನ ಹದ ಹೇಗಿರಬೇಕು ಎಂಬ ವಿವರ. ಅಜ್ಜಿಯ ಮಾತನ್ನೇ ತೆಗೆಯೋಣವೆಂದು ಸ್ನೇಹಿತರು ಯೋಚಿಸಿದ್ದರು. ಆದರೆ 5:52ರಲ್ಲಿ ನಿರೂಪಣೆಯ ವಾಕ್ಯ ಹೀಗಿತ್ತು: “ಇಲ್ಲಿಗೆ ನಮ್ಮ ತೊಡೆದೇವು ಸಿದ್ಧವಾಯಿತು.” ಕಥೆ ಮುಗಿಯಿತೆಂದು ನಾವೇ ಹೇಳಿದ ಮೇಲೆ ನೋಡುಗರು ಹೊರಟದ್ದು ಸಹಜವೇ ಆಗಿತ್ತು. ಈ ಓದು ಸರಿಯೇ ಎಂಬುದನ್ನು ಮುಂದಿನ ಕಂತೇ ತೋರಿಸಬೇಕು. ಹಾಗಾಗಿ ಜೋನಿಬೆಲ್ಲದ ಕಂತಿನ ಸ್ಕ್ರಿಪ್ಟಿನಲ್ಲಿ, ಪಾಕದ ಹದ ತಪ್ಪಿದರೆ ಏನಾಗುತ್ತದೆ ಎಂಬ ಭಾಗವನ್ನು ಕೊಪ್ಪರಿಗೆ ಇನ್ನೂ ಒಲೆಯ ಮೇಲಿರುವಾಗಲೇ ಬರುವಂತೆ ತಂದು, ಮುಕ್ತಾಯದ ವಾಕ್ಯವನ್ನು ಕೊನೆಗೆ ಒಯ್ದಿದ್ದೇವೆ.

ಮಧ್ಯದ ಇಳಿತದಲ್ಲಿದ್ದದ್ದು ಅಕ್ಕಿ ನೆನೆಸಿ ಕಬ್ಬಿನ ಹಾಲಿನಲ್ಲಿ ರುಬ್ಬುವ ವರ್ಣನೆ. ಮುಂದೆ ದಾಟಿದವರು ಬೋರಲು ಮಡಕೆ ಒಲೆಯೇರುವ ದೃಶ್ಯಕ್ಕೆ ಬಂದು ನಿಂತಿದ್ದರು, ಅಂದರೆ ಅವರು ಕಾಯುತ್ತಿದ್ದದ್ದು ಅದಕ್ಕೇ. ಇಂಥಲ್ಲಿ ವಿಷಯವನ್ನು ತೆಗೆಯಬೇಕಿಲ್ಲ, ಮುಕ್ಕಾಲು ನಿಮಿಷದ ಮಾತನ್ನು ಎರಡು ವಾಕ್ಯಕ್ಕೆ ಇಳಿಸಿದರೆ ಸಾಕು. ಮೊದಲನೆಯ ಇಳಿತದ ನಲವತ್ತು ಸೆಕೆಂಡು ಊರಿನ ಪರಿಚಯಕ್ಕೆ ಹೋಗಿತ್ತು. ಅದನ್ನು ಮುಂದಿನ ಕಂತಿನಲ್ಲಿ ಕೆಲಸ ನಡೆಯುತ್ತಿರುವಾಗಲೇ ಹಂಚಿಹಾಕಬಹುದು.

ಗೆರೆ ಉಬ್ಬಿದ ಜಾಗವನ್ನೂ ಅನುಮಾನದಿಂದಲೇ ನೋಡಿ. ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಮಡಕೆಯ ಮೇಲೆ ಎಳೆಯುವ ದೃಶ್ಯವನ್ನು ಜನ ಮತ್ತೆ ಮತ್ತೆ ನೋಡಿದ್ದರೆ ಅದು ಮೆಚ್ಚುಗೆ ಇರಬಹುದು. ಆದರೆ ಅಳತೆ ಹೇಳುವ ಮಾತಿನ ಮೇಲೆ ಉಬ್ಬು ಬಂದಿದ್ದು, ಕಾಮೆಂಟುಗಳಲ್ಲಿಯೂ ಅಳತೆಯನ್ನೇ ಕೇಳಿದ್ದರೆ, ಅಲ್ಲಿ ಬೇಕಾದದ್ದು ಬಿಗಿತವಲ್ಲ, ಇನ್ನೂ ನಿಧಾನವಾದ, ಸ್ಪಷ್ಟವಾದ ಒಂದು ವಾಕ್ಯ.

ಇಷ್ಟೆಲ್ಲ ಓದಲು ವೀಕ್ಷಣೆಗಳು ಸಾಕಷ್ಟು ಇರಬೇಕು. ನೂರೈವತ್ತು ವೀಕ್ಷಣೆಗಳ ವಿಡಿಯೋದಲ್ಲಿ ಮೂರು ಅಂಶದ ಇಳಿತವೆಂದರೆ ನಾಲ್ಕೈದು ಜನ ಮಾತ್ರ. ಅದರ ಮೇಲೆ ಸ್ಕ್ರಿಪ್ಟ್ ಬದಲಿಸಬೇಡಿ. ಸಂಖ್ಯೆ ಸಾಕಷ್ಟಿದ್ದರೆ, ಹೊಸ ನೋಡುಗರ ಮತ್ತು ಮರಳಿ ಬರುವವರ ಗೆರೆಗಳನ್ನು ಯೂಟ್ಯೂಬ್ ಸ್ಟುಡಿಯೋದಲ್ಲಿ ಬೇರೆ ಬೇರೆಯಾಗಿ ತೆರೆದು ನೋಡಿ. ಇಬ್ಬರೂ ಒಂದೇ ಕಡೆ ಇಳಿದಿದ್ದರೆ ಆ ಪ್ಯಾರಾವನ್ನು ತಿದ್ದಿ. ಹೊಸಬರು ಮಾತ್ರ ಇಳಿದಿದ್ದರೆ, ಹಿಂದಿನ ಕಂತು ನೋಡಿದವರಿಗಷ್ಟೇ ಅರ್ಥವಾಗುವ ಮಾತು ಅಲ್ಲೇನಾದರೂ ಇದೆಯೇ ಎಂದು ಹುಡುಕಿ.