ಫಾರ್ಮ್ಯಾಟ್ ಮಾಡೋ ಮುಂಚೆ ಹಳೇ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ

"ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಆನ್ ಮಾಡಿದ್ರೆ ಸುಮ್ನೆ ಸುತ್ತುತ್ತಾ ಕೂರುತ್ತೆ. ರಿಪೇರಿಯವರು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕ್ಕೊಡ್ತೀವಿ ಅಂತಿದ್ದಾರೆ. ಹಳೇ ಬಿಲ್ಲು, ಉದ್ರಿ ಲೆಕ್ಕ ಉಳಿಯುತ್ತಾ?"

ಉಳಿಯೋ ಸಾಧ್ಯತೆ ಚೆನ್ನಾಗಿದೆ. ಆದರೆ ಅದೇ ಡಿಸ್ಕಿನ ಮೇಲೆ ವಿಂಡೋಸ್ ಹಾಕಿಸಬೇಡಿ. ನನ್ನ ಸೋದರಮಾವನ ಅಂಗಡಿಯಲ್ಲಿ ಇದೇ ಆಗಿತ್ತು, ಸರಿ ಮಾಡಿದ್ದು ನಾನೇ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳ್ತೀನಿ.

ಬೆಳಿಗ್ಗೆ ಮಾವ ಫೋನ್ ಮಾಡಿದಾಗ ಆಗಲೇ ಐದಾರು ಸಲ ಆಫ್ ಮಾಡಿ ಆನ್ ಮಾಡಿದ್ದರು. "ಇನ್ನೊಂದು ಸಲ ಒತ್ತಿ ನೋಡ್ಲಾ?" ಅಂದರು. "ಬೇಡ ಮಾವ, ಪ್ಲಗ್ ಕಿತ್ತಿಡಿ, ನಾನು ಬರೋವರೆಗೂ ಬಿಲ್ಲು ಕೈಯಲ್ಲೇ ಬರೀರಿ" ಅಂದೆ. ಡಿಸ್ಕ್ ಸಾಯ್ತಾ ಇದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ವಿಂಡೋಸ್ ತಾನೇ ರಿಪೇರಿ ಮಾಡಲು ಹೋಗುತ್ತೆ, ಡಿಸ್ಕಿನ ಮೇಲೆ ಏನೇನೋ ಬರೆಯುತ್ತೆ. ಉಳಿದಿದ್ದೂ ಕೆಡೋದು ಹೀಗೇ.

ಬ್ಯಾಕಪ್ ಇದೆಯಾ ಅಂತ ಕೇಳಿದೆ. "ದಿನಾ ಸಂಜೆ ಬಟನ್ ಒತ್ತುತ್ತೀನಲ್ಲ, ಡಿ ಡ್ರೈವ್‌ಗೆ ಹೋಗುತ್ತೆ" ಅಂದರು. ನನಗೆ ಎದೆ ಧಸಕ್ಕೆಂದಿತು. ಮಾವನ ಕಂಪ್ಯೂಟರಿನಲ್ಲಿ ಸಿ, ಡಿ ಅಂತ ಹೆಸರು ಬೇರೆ ಅಷ್ಟೇ, ಎರಡೂ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಮಾವ ವರ್ಷಗಟ್ಟಲೆ ಒಂದು ದಿನವೂ ತಪ್ಪಿಸದೆ ಮಾಡಿದ ಕೆಲಸ ಅದು, ಪಾಪ.

ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟುವಿನ ಬೂಟ್ ಆಗುವ ಪೆನ್ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಅದರಿಂದ ಆನ್ ಮಾಡಿ, ಇನ್‌ಸ್ಟಾಲ್ ಒತ್ತದೆ, ಬರೀ ಟ್ರೈ ಮಾಡುವ ಆಯ್ಕೆ ತಗೊಂಡರೆ ಕಂಪ್ಯೂಟರಿನ ಡಿಸ್ಕನ್ನು ಮುಟ್ಟದೆ ಕೆಲಸ ಮಾಡಬಹುದು. ಅದರಲ್ಲಿರೋ Disks ಅನ್ನೋ ಪ್ರೋಗ್ರಾಂನಲ್ಲಿ ಡಿಸ್ಕಿನ ಆರೋಗ್ಯದ ಪಟ್ಟಿ ಸಿಗುತ್ತೆ. `Current Pending Sector Count` ಅನ್ನೋ ಸಾಲಿನಲ್ಲಿ ಸೊನ್ನೆ ಇರಬೇಕಿತ್ತು, 48 ಇತ್ತು. ಅಂದರೆ ಅಷ್ಟು ಜಾಗಗಳನ್ನು ಓದೋಕೆ ಡಿಸ್ಕ್ ಒದ್ದಾಡ್ತಾ ಇದೆ. ವಿಂಡೋಸ್ ಕೆಟ್ಟಿರೋದಲ್ಲ, ಡಿಸ್ಕೇ ಕೆಟ್ಟಿರೋದು ಅಂತ ಅಲ್ಲಿಗೆ ಗೊತ್ತಾಯ್ತು. ಇದರ ಮೇಲೇ ಹೊಸದಾಗಿ ವಿಂಡೋಸ್ ಹಾಕಿದ್ದರೆ ಹಳೇದೂ ಹೋಗ್ತಿತ್ತು, ಹೊಸದೂ ಜಾಸ್ತಿ ದಿನ ಬರ್ತಿರಲಿಲ್ಲ.

ಇಂಥ ಡಿಸ್ಕಿನಿಂದ ಫೈಲುಗಳನ್ನು ಒಂದೊಂದಾಗಿ ಎಳೆಯೋದು ಬೇಡ ಅನ್ನಿಸಿತು. ಮೊದಲು ಪೂರ್ತಿ ಡಿಸ್ಕಿನ ಪಡಿಯಚ್ಚು ತೆಗೆದುಕೊಂಡು, ಆಮೇಲೆ ಪಡಿಯಚ್ಚಿನಲ್ಲೇ ಹುಡುಕೋದು ಕ್ಷೇಮ. ಮಾವನದು 500 ಜಿಬಿ ಡಿಸ್ಕ್, ನನ್ನ ಹತ್ತಿರ 1 ಟಿಬಿ ಹೊರಗಿನ ಡಿಸ್ಕ್ ಇತ್ತು. ಇಂಟರ್ನೆಟ್ ಜೋಡಿಸಿ, ಆ ಹೊರಗಿನ ಡಿಸ್ಕಿನೊಳಗೇ ಟರ್ಮಿನಲ್ ತೆರೆದು ಇಷ್ಟು ಕೊಟ್ಟೆ:

```
sudo add-apt-repository -y universe && sudo apt update && sudo apt install gddrescue
lsblk -o NAME,SIZE,MODEL
sudo ddrescue -d -r3 /dev/sda disk.img disk.map
```

ಮೂರನೇ ಸಾಲು ಒತ್ತುವ ಮುಂಚೆ ಎರಡನೇ ಸಾಲಿನ ಉತ್ತರವನ್ನು ಎರಡೆರಡು ಸಲ ನೋಡಿ. 500 ಜಿಬಿ ಡಿಸ್ಕ್ ಅಲ್ಲಿ ಸುಮಾರು 465.8G ಅಂತ ಕಾಣುತ್ತೆ, ಗಾಬರಿ ಬೇಡ. ನಿಮ್ಮಲ್ಲಿ ಅದರ ಹೆಸರು `sda` ಇಲ್ಲದೇ ಇರಬಹುದು. ಮೊದಲು ಬರೋದು ಓದಬೇಕಾದ ಡಿಸ್ಕ್, ಆಮೇಲೆ ಪಡಿಯಚ್ಚಿನ ಹೆಸರು. ಈ ಪ್ರೋಗ್ರಾಂ ಚೆನ್ನಾಗಿರೋ ಜಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಕೈ ಹಾಕುತ್ತೆ. ಎಲ್ಲಿವರೆಗೆ ಬಂತು ಅನ್ನೋದನ್ನು `disk.map`ನಲ್ಲಿ ಬರೆದಿಟ್ಟುಕೊಳ್ಳುತ್ತೆ. ಮಧ್ಯದಲ್ಲಿ ಕರೆಂಟ್ ಹೋದರೂ, ಪೆನ್ ಡ್ರೈವಿನಿಂದ ಮತ್ತೆ ಆನ್ ಮಾಡಿ, ಅದೇ ಜಾಗದಲ್ಲಿ ಮೂರೂ ಸಾಲು ಮತ್ತೆ ಕೊಟ್ಟರೆ ನಿಂತಲ್ಲಿಂದ ಶುರುವಾಗುತ್ತೆ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ನೋಡಿದರೆ ಓದಲಾಗದೆ ಉಳಿದದ್ದು ಬರೀ 20 ಕೆಬಿ. ಆದರೆ ಆ 20 ಕೆಬಿ ಬಿಲ್ಲುಗಳ ಫೈಲಿನೊಳಗೇ ಬಿದ್ದಿದ್ದರೆ?

ಹಳೇ ಡಿಸ್ಕ್ ಬಿಚ್ಚಿ, ಕವರಿಗೆ ಹಾಕಿ, ಮೇಲೆ ತಾರೀಕು ಬರೆದು ಡ್ರಾಯರಿನಲ್ಲಿಟ್ಟೆ. ಹೊಸ ಎಸ್‌ಎಸ್‌ಡಿ ಒಂದನ್ನೇ ಜೋಡಿಸಿ ವಿಂಡೋಸ್ ಹಾಕಿದೆ. ಎರಡೂ ಡಿಸ್ಕ್ ಇಟ್ಟುಕೊಂಡು ಹಾಕೋಕೆ ಹೋದರೆ ಕೈ ತಪ್ಪಿ ಹಳೇದನ್ನೇ ಅಳಿಸಿಬಿಡೋ ಭಯ ಇರುತ್ತೆ. ಮೊದಲಿದ್ದ ಎಡಿಷನ್ನನ್ನೇ ಹಾಕಿದ್ದರಿಂದ, ಮದರ್‌ಬೋರ್ಡ್ ಅದೇ ಆಗಿದ್ದರಿಂದ, ಇಂಟರ್ನೆಟ್ ಸಿಕ್ಕ ಕೂಡಲೇ ವಿಂಡೋಸ್ ತಾನೇ ಆಕ್ಟಿವೇಟ್ ಆಯ್ತು. ಬಿಲ್ಲಿಂಗ್ ಸಾಫ್ಟ್‌ವೇರಿನ ಲೈಸೆನ್ಸ್ ಮಾತ್ರ ಹಾಗೆ ಬರಲಿಲ್ಲ, ಕಂಪನಿಗೆ ಫೋನ್ ಮಾಡಿ ಹಳೇದನ್ನು ಬಿಡಿಸಿಕೊಳ್ಳಬೇಕಾಯ್ತು.

ಇನ್ನು ಲೆಕ್ಕ. ಮಾವನ ಬಿಲ್ಲಿಂಗ್ ಸಾಫ್ಟ್‌ವೇರ್ ಲೆಕ್ಕ ಇಡೋದು `.mdf` ಅಂತ ಕೊನೆಯಾಗುವ ಫೈಲಿನಲ್ಲಿ, ಹಾಗಾಗಿ ಪಡಿಯಚ್ಚನ್ನು ಬರೀ ಓದುವ ಹಾಗೆ ತೆರೆದು `.mdf` ಅಂತ ಹುಡುಕಿದೆ. ಒಂದು ಫೈಲು ಬಿಲ್ಲಿಂಗ್ ಸಾಫ್ಟ್‌ವೇರಿನ ಫೋಲ್ಡರಿನಲ್ಲಿ ಸಿಕ್ಕಿತು. ಇನ್ನೊಂದು ಎಲ್ಲೋ ಒಳಗೆ, `MSSQL15.SQLEXPRESS` ಅನ್ನೋ ಫೋಲ್ಡರಿನ ಕೆಳಗೆ ಇತ್ತು. ಆ 15 ಅಂದರೆ ಈ ಫೈಲುಗಳನ್ನು ತೆರೆಯುವ ಎಸ್‌ಕ್ಯೂಎಲ್ ಸರ್ವರ್ ಅನ್ನೋ ಪ್ರೋಗ್ರಾಂನ 2019ರ ಆವೃತ್ತಿ. ಹೊಸ ಡಿಸ್ಕಿಗೂ 2019ನ್ನೇ ಹಾಕಿದೆ. ಅದಕ್ಕಿಂತ ಹಳೇದು ಹಾಕಿದರೆ ಈ ಫೈಲನ್ನು ತೆರೆಯೋದೇ ಇಲ್ಲ. ಹೊಸದು ಹಾಕಿದರೆ ತೆರೆಯುತ್ತೆ, ಆದರೆ ಫೈಲನ್ನು ತನ್ನ ರೂಪಕ್ಕೆ ಬದಲಾಯಿಸುತ್ತೆ, ಆಮೇಲೆ ಹಿಂದಕ್ಕೆ ಬರೋಕಾಗಲ್ಲ. ಪಕ್ಕದಲ್ಲಿದ್ದ, ಬದಲಾವಣೆಗಳ ದಾಖಲೆ ಇರೋ `.ldf` ಫೈಲನ್ನೂ ಜೊತೆಗೇ ತಗೊಂಡು, ಎರಡರ ಕಾಪಿಗಳನ್ನಷ್ಟೇ ಎಸ್‌ಕ್ಯೂಎಲ್ ಸರ್ವರಿಗೆ ಜೋಡಿಸಿದೆ.

ಮೊದಲನೇ ಫೈಲಿನಲ್ಲಿ ಕೊನೆಯ ಬಿಲ್ಲು 11,207. ಮಾವನ ಮುಖ ಬಾಡಿತು. ಎರಡನೇದು ತೆರೆದಾಗ 18,642. ಪ್ರಿಂಟರಿನ ಪಕ್ಕ ಕ್ಲಿಪ್ಪಿಗೆ ಸಿಕ್ಕಿಸಿದ್ದ ಕೊನೆಯ ಬಿಲ್ಲಿನ ಕಾಪಿ ತಂದು, ಸ್ಕ್ರೀನಿನ ಪಕ್ಕ ಹಿಡಿದು, ಬೆರಳಿಟ್ಟು ಸಾಲು ಸಾಲಾಗಿ ಓದಿದರು. ನಂಬರು, ಸಾಮಾನು, ಮೊತ್ತ, ಎಲ್ಲ ಅದೇ. ಮೊದಲನೇದು ಯಾರೋ ಹಿಂದೆ ಯಾವಾಗಲೋ ಮಾಡಿಟ್ಟಿದ್ದ ಹಳೇ ಕಾಪಿ.

ಕೊನೆಯ ಬಿಲ್ಲು ಸಿಕ್ಕಿತು ಅಂದರೆ ಮಧ್ಯದ್ದೆಲ್ಲ ಸರಿಯಿದೆ ಅಂತಲ್ಲ. ಅದಕ್ಕೇ ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಡೇಟಾಬೇಸನ್ನು ಪರೀಕ್ಷಿಸುವ ಇದನ್ನೂ ಓಡಿಸಿದೆ:

```
DBCC CHECKDB ('BILLDB') WITH NO_INFOMSGS;
```

`BILLDB` ಜಾಗದಲ್ಲಿ ನಿಮ್ಮ ಡೇಟಾಬೇಸಿನ ಹೆಸರು ಹಾಕಿ. ತಪ್ಪಿದ್ದರೆ ಕೆಂಪು ಅಕ್ಷರದಲ್ಲಿ ಪಟ್ಟಿ ಬರುತ್ತೆ. ನಮಗೆ ಒಂದೂ ಬರಲಿಲ್ಲ. ಆ 20 ಕೆಬಿ ಬೇರೆಲ್ಲೋ ಬಿದ್ದಿತ್ತು, ಪುಣ್ಯ.

ಆದರೂ ಮಾವನಿಗೆ ಸಮಾಧಾನವಿಲ್ಲ. ಮೂವರು ಉದ್ರಿ ಗಿರಾಕಿಗಳ ಬಾಕಿಯನ್ನು ಬಾಯಲ್ಲೇ ಹೇಳಿ "ತೆಗಿ ನೋಡೋಣ" ಅಂದರು. ಇಬ್ಬರದು ತಾಳೆಯಾಯ್ತು. ಮೂರನೇದರಲ್ಲಿ ಬಾಕಿ ಜಾಸ್ತಿ ತೋರಿಸ್ತಿತ್ತು. ಇಬ್ಬರೂ ಸುಮ್ಮನೆ ಸ್ಕ್ರೀನ್ ನೋಡ್ತಾ ಕೂತೆವು. ಆಮೇಲೆ ಮಾವನೇ ಕೈಬರಹದ ಪುಸ್ತಕ ತೆಗೆದು ಹಾಳೆ ತಿರುವಿದರು. ಆ ಗಿರಾಕಿ ಕಂಪ್ಯೂಟರ್ ನಿಂತ ಮಾರನೇ ದಿನ ಬಂದು ಸ್ವಲ್ಪ ಹಣ ಕೊಟ್ಟಿದ್ದ, ಪುಸ್ತಕದಲ್ಲಿ ಬರೆದಿತ್ತು. ಅವತ್ತು ಸಂಜೆ ಮಾವ ಓದ್ತಾ ಹೋದರು, ನಾನು ಟೈಪ್ ಮಾಡ್ತಾ ಹೋದೆ, 18,643ರಿಂದ ಕೈಬರಹದ ಬಿಲ್ಲುಗಳೆಲ್ಲ ಒಳಗೆ ಸೇರಿದವು.

ನಿಮ್ಮ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಪಡಿಯಚ್ಚು ತೆರೆಯೋಕೆ ರಿಕವರಿ ಕೀ ಬೇಕಾಗುತ್ತೆ, ವಿಂಡೋಸ್‌ಗೆ ಲಾಗಿನ್ ಆಗ್ತಿದ್ದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಡಿಸ್ಕ್ ಒಳಗಿಂದ ಟಕ್ ಟಕ್ ಸದ್ದು ಬರ್ತಿದ್ದರೆ ಇದ್ಯಾವುದನ್ನೂ ಮಾಡಬೇಡಿ, ಆನ್ ಕೂಡ ಮಾಡದೆ ಡೇಟಾ ತೆಗೆಯುವವರ ಹತ್ತಿರ ಕೊಡಿ. ಅವೆರಡೂ ಇಲ್ಲದಿದ್ದರೆ ರಿಪೇರಿಯವರಿಗೆ ಹೊಸ ಡಿಸ್ಕಿಗೆ ವಿಂಡೋಸ್ ಹಾಕಿ ಅಂತ ಹೇಳಿ, ಹಳೇದನ್ನು ನೀವೇ ಕೈಯಲ್ಲಿ ಇಸಿದುಕೊಂಡು ಬನ್ನಿ.